ತೋರಿಸುವ ಸ್ಲೈಡ್ ಬೇರೆ, ಓದುವ ಸ್ಲೈಡ್ ಬೇರೆ

ಮುಂಗಾರಿಗೆ ಮೊದಲು ಆಳಂದ ತಾಲ್ಲೂಕಿನ ಒಂದು ಊರಲ್ಲಿ ತೊಗರಿಯ ನೆಟೆ ರೋಗದ ಬಗ್ಗೆ ಮಾತಾಡಿದ್ದೆ. ಒಂದು ಸ್ಲೈಡ್‌ನಲ್ಲಿ ಸೀಳಿದ ಕಾಂಡದ ಫೋಟೊ ಮಾತ್ರ ಇತ್ತು. ಉಳಿದದ್ದನ್ನೆಲ್ಲ ಬಾಯಲ್ಲೇ ಹೇಳಿದೆ. ಆಮೇಲೆ ಅದೇ ಫೈಲನ್ನು ವಾಟ್ಸಾಪ್‌ಗೆ ಹಾಕಿದೆ. ಸಭೆಗೆ ಬಾರದ ರೈತರೊಬ್ಬರು ಮರುದಿನ ಫೋನ್ ಮಾಡಿದರು: "ಸರ, ಕಟಗಿ ಫೋಟೊ ಬಂದದ. ಇದಕ್ಕೇನ್ ಮಾಡಬೇಕ್ರಿ?"

ಸಭೆಗೆ ಆ ಸ್ಲೈಡ್ ಸರಿಯಾಗಿಯೇ ಇತ್ತು. ಪರದೆ ಮೇಲೆ ಜಾಸ್ತಿ ಬರೆದರೆ ಜನ ಓದಲು ತೊಡಗುತ್ತಾರೆ, ಮಾತು ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅದನ್ನು ಮುಟ್ಟಬೇಡಿ. ಫೈಲನ್ನು ಇನ್ನೊಂದು ಹೆಸರಲ್ಲಿ ಉಳಿಸಿ, ಆ ಪ್ರತಿಯಲ್ಲಿ ಕೆಲಸ ಶುರು ಮಾಡಿ.

ಮೊದಲು ತಲೆಬರಹ. ಸಭೆಯಲ್ಲಿ "ನೆಟೆ ರೋಗ" ಅಂದರೆ ಸಾಕಿತ್ತು. ಓದುವ ಪ್ರತಿಯಲ್ಲಿ ಅದು ಪೂರ್ತಿ ವಾಕ್ಯವಾಗಬೇಕು: "ಸೀಳಿದ ಕಾಂಡದೊಳಗೆ ಕಪ್ಪು ಗೆರೆ ಕಂಡರೆ ನೆಟೆ ರೋಗವಿರಬಹುದು." ಫೋಟೊ ಚಿಕ್ಕದು ಮಾಡಿ, ಗೆರೆಗೆ ಬಾಣ ಹಾಕಿ. ಸಭೆಯಲ್ಲಿ ಆ ಬಾಣದ ಕೆಲಸವನ್ನು ನನ್ನ ಬೆರಳು ಮಾಡಿತ್ತು.

ಆಮೇಲೆ ಬಾಯಲ್ಲಿ ಹೇಳಿದ್ದನ್ನು ಬರೆಯಿರಿ. ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ಉಳಿಯುತ್ತದೆ. ಅದಕ್ಕೇ ಆ ಹೊಲದಲ್ಲಿ ಜೋಳ ಹಾಕಿ ಬೆಳೆ ಬದಲಿಸಬೇಕು. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಬಿಡಬೇಡಿ. "ನೀರಿಲ್ಲದೆ ಒಣಗಿದ್ದಲ್ಲ ಅಂತ ಹೆಂಗ ಗೊತ್ತಾಗ್ತದ?" ಅಂತ ಒಬ್ಬರು ಕೇಳಿದ್ದರು. ಮನೆಯಲ್ಲಿ ಓದುವವರಿಗೂ ಇದೇ ಅನುಮಾನ ಬರುತ್ತದೆ, ಅಲ್ವಾ? ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುವುದು ಒಂದು ಸುಳಿವು. ಅದನ್ನು ಫೋಟೊ ಪಕ್ಕದಲ್ಲೇ ಬರೆಯಿರಿ.

ಒಂದೊಂದಾಗಿ ಮೂಡುವ ಆನಿಮೇಷನ್‌ಗಳನ್ನು ತೆಗೆಯಿರಿ. ಪಿಡಿಎಫ್ ಮಾಡಿದಾಗ ಎಲ್ಲವೂ ಒಟ್ಟಿಗೇ ಕಾಣುತ್ತವೆ, ಒಂದೇ ಜಾಗದಲ್ಲಿ ಮೂಡುವಂಥವು ಒಂದರ ಮೇಲೊಂದು ಕೂತುಬಿಡುತ್ತವೆ.

ಈಗ ಅಳತೆ. ಇಲ್ಲಿ ಓದುವುದೆಲ್ಲ ಫೋನಿನಲ್ಲೇ. ಮಾಮೂಲಿ ಅಡ್ಡ ಸ್ಲೈಡ್ ಸುಮಾರು 34 ಸೆಂ.ಮೀ. ಅಗಲ, ಫೋನು ಸುಮಾರು 7. ಅಂದರೆ ಅಕ್ಷರ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಪವರ್‌ಪಾಯಿಂಟ್‌ನ Design, Slide Size, Custom Slide Size ಒಳಗೆ Portrait ಆರಿಸಿ. ಪುಟ ಉದ್ದವಾದರೆ 20 ಪಾಯಿಂಟ್ ಅಕ್ಷರವನ್ನು ಹಿಗ್ಗಿಸದೆ ಓದಬಹುದು. ಚಿತ್ರಗಳು ಜಾಗ ಬಿಟ್ಟು ಸರಿಯುತ್ತವೆ, ಪ್ರತಿ ಪುಟವನ್ನೂ ಮತ್ತೆ ಹೊಂದಿಸಿ.

ಪಿಪಿಟಿ ಕಳಿಸಬೇಡಿ, ಪಿಡಿಎಫ್ ಕಳಿಸಿ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಪಿಪಿಟಿ ತೆರೆದಾಗ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ.

ಕಳಿಸುವ ಮುಂಚೆ ಸಭೆಗೆ ಬಾರದ ಒಬ್ಬರ ಕೈಗೆ ಕೊಟ್ಟು, ನೀವು ಸುಮ್ನೆ ಕೂತಿರಿ. ಓದಿದ ಮೇಲೆ "ಬೀಜಕ್ಕೆ ಏನು ಹಚ್ಚಬೇಕು, ಎಷ್ಟು?" ಅಂತ ಕೇಳಿ. ಅವರು ತಡವರಿಸಿದರೆ ಆ ಪುಟಕ್ಕೆ ವಾಪಸ್ ಹೋಗಿ.