ಸ್ಕ್ಯಾನ್ ವರದಿಯಲ್ಲಿ ಮೊದಲು ವಾರ ನೋಡಿ, ಆಮೇಲೆ ತೂಕ, ಆಮೇಲೆ ನೀರು

ಬಸುರಿಯ ಫೈಲಿನಲ್ಲಿ ಮೂರು ಸ್ಕ್ಯಾನ್ ವರದಿಗಳಿದ್ದರೆ, ಮೂರರಲ್ಲೂ ಹೆರಿಗೆಯ ದಿನ ಬೇರೆ ಬೇರೆ ಇರುವುದು ಅಪರೂಪವೇನಲ್ಲ. ಕೊನೆಯ ವರದಿ ಹೊಸದು, ಅದೇ ಸರಿ ಇರಬೇಕು ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜವಾಗಿ ನಂಬಬೇಕಾದದ್ದು ಮೊದಲಿನದನ್ನು. ಮಗು ಸಣ್ಣದೋ ದೊಡ್ಡದೋ ಎಂಬ ತೀರ್ಮಾನವೂ ಆ ದಿನಾಂಕದ ಮೇಲೆಯೇ ನಿಂತಿರುವುದರಿಂದ ವರದಿ ಓದುವುದನ್ನು ಅಲ್ಲಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ದಿನಾಂಕ ಗಟ್ಟಿ ಮಾಡಿಕೊಳ್ಳುವುದು

ಕೊನೆಯ ಮುಟ್ಟಿನ ಮೊದಲ ದಿನಕ್ಕೆ (ವರದಿಯಲ್ಲಿ LMP) 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ (EDD) ಸಿಗುತ್ತದೆ. ಮುಟ್ಟು 28 ದಿನಕ್ಕೊಮ್ಮೆ ಬರುತ್ತದೆ, ಹದಿನಾಲ್ಕನೇ ದಿನದ ಸುಮಾರಿಗೆ ಅಂಡ ಬಿಡುಗಡೆಯಾಗುತ್ತದೆ ಎಂಬುದು ಈ ಲೆಕ್ಕದ ಆಧಾರ. 38–40 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ತಡವಾಗಿ ಬಿಡುಗಡೆಯಾಗುತ್ತದೆ. ಅವರ ಮಗು ಲೆಕ್ಕಕ್ಕಿಂತ ಹತ್ತು ಹನ್ನೆರಡು ದಿನ ಚಿಕ್ಕದಿರುತ್ತದೆ, ಅಷ್ಟೇ.

ಇದನ್ನು ಪತ್ತೆ ಹಚ್ಚುವುದು CRL, ಅಂದರೆ ಭ್ರೂಣದ ನೆತ್ತಿಯಿಂದ ಕುಂಡೆಯವರೆಗಿನ ಉದ್ದ. ಮೊದಲ ಮೂರು ತಿಂಗಳು ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಪ್ಪ ಅಮ್ಮನ ಮೈಕಟ್ಟು, ಮಾಸಿನ ಕೆಲಸದ ಏರುಪೇರು ಎಲ್ಲ ಆಮೇಲಿನ ಮಾತು. ಹಾಗಾಗಿ ಆಗ ಉದ್ದ ಅಳೆದರೆ ವಯಸ್ಸು 5ರಿಂದ 7 ದಿನಗಳ ವ್ಯತ್ಯಾಸದೊಳಗೆ ಸಿಗುತ್ತದೆ. ಆಮೇಲೆ ಯಾವ ಅಳತೆಯೂ ಇಷ್ಟು ನಿಖರವಲ್ಲ.

ಒಂದು ಉದಾಹರಣೆ ನೋಡಿ. LMP ಜನವರಿ 1, EDD ಅಕ್ಟೋಬರ್ 8. ಏಪ್ರಿಲ್ 5ರಂದು ಸ್ಕ್ಯಾನ್ ಆಯಿತು. ಮುಟ್ಟಿನ ಲೆಕ್ಕದಲ್ಲಿ ಆವತ್ತಿಗೆ 13 ವಾರ 3 ದಿನ. ಆದರೆ CRL 54 ಮಿ.ಮೀ. ಬಂತು, ಅದು 12 ವಾರದ ಮಗುವಿನ ಅಳತೆ. ವ್ಯತ್ಯಾಸ 10 ದಿನ. ಬಹಳಷ್ಟು ವೈದ್ಯರು ಪಾಲಿಸುವ ನಿಯಮ ಹೀಗಿದೆ: 9 ವಾರ ತುಂಬುವ ಮೊದಲಾದರೆ 5 ದಿನಕ್ಕಿಂತ ಹೆಚ್ಚು, 9ರಿಂದ 14 ವಾರದೊಳಗಾದರೆ 7 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನ್ ಲೆಕ್ಕವನ್ನೇ ಹಿಡಿಯಬೇಕು. ಇಲ್ಲಿ 10 ದಿನ ಇರುವುದರಿಂದ EDD ಅಕ್ಟೋಬರ್ 18ಕ್ಕೆ ಹೋಗುತ್ತದೆ. ನಾಲ್ಕೈದು ದಿನದ ವ್ಯತ್ಯಾಸವಿದ್ದಿದ್ದರೆ ಮುಟ್ಟಿನ ಲೆಕ್ಕವೇ ಉಳಿಯುತ್ತಿತ್ತು. (ಐವಿಎಫ್ ಆಗಿದ್ದರೆ ಈ ಗೊಂದಲವೇ ಇಲ್ಲ, ಭ್ರೂಣ ಇಟ್ಟ ದಿನದಿಂದಲೇ ಲೆಕ್ಕ.)

CRL ಕೂಡ ತಪ್ಪಬಹುದು. ಮಗು ಗದ್ದವನ್ನು ಎದೆಗೆ ಒತ್ತಿಕೊಂಡು ಮುದುಡಿದ್ದರೆ ಅಳತೆ ಕಡಿಮೆ ಬರುತ್ತದೆ, ಕತ್ತು ಹಿಂದಕ್ಕೆ ಚಾಚಿದ್ದರೆ ಹೆಚ್ಚು. ಸರಿಯಾದ ಚಿತ್ರದಲ್ಲಿ ಮಗು ಪಕ್ಕದಿಂದ ಉದ್ದಕ್ಕೆ ಕಾಣುತ್ತದೆ, ಗದ್ದಕ್ಕೂ ಎದೆಗೂ ನಡುವೆ ನೀರಿನ ಕಪ್ಪು ಸಂದು ಇರುತ್ತದೆ. ಮಗು ತಿರುಗಲಿ ಎಂದು ಹತ್ತು ನಿಮಿಷ ಕಾಯಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಹೀಗೆ ಒಮ್ಮೆ ನಿಂತ ದಿನಾಂಕವನ್ನು ಫೈಲಿನ ಮೊದಲ ಪುಟದಲ್ಲಿ ದಪ್ಪಗೆ ಬರೆದಿಡಿ. ಮುಂದಿನ ಸ್ಕ್ಯಾನ್‌ಗಳು ಅದನ್ನು ಬದಲಿಸಬಾರದು.

ಎರಡನೇ ಹೆಜ್ಜೆ: ಬೆಳವಣಿಗೆ

ಐದನೇ ತಿಂಗಳಿನಿಂದ ವರದಿಯಲ್ಲಿ ನಾಲ್ಕು ಅಳತೆಗಳು ಕಾಣುತ್ತವೆ: ತಲೆಯ ಅಗಲ BPD, ತಲೆಯ ಸುತ್ತಳತೆ HC, ಹೊಟ್ಟೆಯ ಸುತ್ತಳತೆ AC, ತೊಡೆಮೂಳೆಯ ಉದ್ದ FL. ಯಂತ್ರ ಇವನ್ನು ಹ್ಯಾಡ್‌ಲಾಕ್ ಸೂತ್ರದಂಥ ಒಂದು ಸೂತ್ರಕ್ಕೆ ಹಾಕಿ ತೂಕದ ಅಂದಾಜು, ಅಂದರೆ EFW ಕೊಡುತ್ತದೆ. ಒಂದೊಂದು ಅಳತೆಯ ಪಕ್ಕದಲ್ಲೂ ಒಂದು ‘ವಾರ’ ಬರೆದಿರುತ್ತದೆ. ಗೊಂದಲದ ಮೂಲ ಇದೇ. ‘AC 31 ವಾರ’ ಎಂದಿದ್ದರೆ ಸರಾಸರಿ 31 ವಾರದ ಮಗುವಿನ ಹೊಟ್ಟೆ ಇಷ್ಟಿರುತ್ತದೆ ಎಂದರ್ಥ. ನಿಮ್ಮ ಮಗುವಿನ ವಯಸ್ಸು 31 ವಾರ ಎಂದಲ್ಲ.

ನಮ್ಮ ಉದಾಹರಣೆಗೇ ಬರೋಣ. ಆಗಸ್ಟ್ 23ರಂದು EFW 1810 ಗ್ರಾಂ ಬಂತು. ಸ್ಕ್ಯಾನ್ ಮಾಡಿದವರು ಹಳೆಯ LMP ಹಾಕಿದ್ದರೆ ಮಗುವಿಗೆ 33 ವಾರ 3 ದಿನ. ಆ ವಯಸ್ಸಿಗೆ ಹ್ಯಾಡ್‌ಲಾಕ್ ಪಟ್ಟಿಯಲ್ಲಿ ಇದು 10ನೇ ಪರ್ಸೆಂಟೈಲ್‌ಗಿಂತ ಕೆಳಗೆ. ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಇದಕ್ಕಿಂತ ಭಾರ. ‘ಬೆಳವಣಿಗೆ ಕಡಿಮೆ’ ಎಂಬ ಷರಾ ಬೀಳುತ್ತದೆ. ಏಪ್ರಿಲ್‌ನಲ್ಲಿ ಸರಿಪಡಿಸಿದ ದಿನಾಂಕದ ಪ್ರಕಾರ ಮಗುವಿಗೆ ಆವತ್ತು ಸರಿಯಾಗಿ 32 ವಾರ, ಆ ವಯಸ್ಸಿಗೆ 1810 ಗ್ರಾಂ 25ನೇ ಪರ್ಸೆಂಟೈಲ್‌ನ ಆಸುಪಾಸು, ಸಹಜ. ಮಗು ಅದೇ, ತೂಕವೂ ಅದೇ. ಮೊದಲ ಸ್ಕ್ಯಾನ್ ವರದಿಯನ್ನು ಪ್ರತಿ ಸಲ ಒಯ್ಯಬೇಕಾದದ್ದು ಇದಕ್ಕೇ.

ಇದರ ಉಲ್ಟಾ ತಪ್ಪು ಇನ್ನೂ ಅಪಾಯಕಾರಿ. ನಿಜವಾಗಿಯೇ ಬೆಳವಣಿಗೆ ಕುಂಠಿತವಾದ ಮಗುವನ್ನು ಎಂಟನೇ ತಿಂಗಳಲ್ಲಿ ಅಳೆದು, ‘ವಾರವೇ ಕಡಿಮೆ ಇದೆ’ ಎಂದು ದಿನಾಂಕ ಮುಂದೂಡಿದರೆ ಸಮಸ್ಯೆ ಕಾಗದದ ಮೇಲೆ ಮಾಯವಾಗುತ್ತದೆ, ಹೊಟ್ಟೆಯೊಳಗೆ ಉಳಿಯುತ್ತದೆ.

EFW ತಕ್ಕಡಿಯ ತೂಕವಲ್ಲ. ಶೇ 15ರವರೆಗೂ ಹೆಚ್ಚುಕಡಿಮೆ ಬರಬಹುದು. 1810 ಎಂದರೆ 1540 ಇರಬಹುದು, 2080ಯೂ ಇರಬಹುದು. ಹೆಚ್ಚಾಗಿ ಕೈಕೊಡುವುದು AC. ಹೊಟ್ಟೆಯ ಅಡ್ಡಚಿತ್ರ ದುಂಡಗಿರಬೇಕು, ಮಗುವಿನ ಜಠರ ಕಪ್ಪು ಗುಳ್ಳೆಯಂತೆ ಕಾಣಬೇಕು, ಮೂತ್ರಪಿಂಡಗಳು ಕಾಣಬಾರದು. ಓರೆಯಾಗಿ ಹಿಡಿದು ಮೊಟ್ಟೆಯಾಕಾರ ಬಂದರೆ ತೂಕವೂ ತಪ್ಪುತ್ತದೆ. ಇದೇ ಕಾರಣಕ್ಕೆ ಒಂದು ವಾರದಲ್ಲೇ ಮತ್ತೆ ಅಳೆಸಿದರೆ ಕಾಣುವುದು ಬೆಳವಣಿಗೆಯಲ್ಲ, ಅಳತೆಯ ಏರುಪೇರು. ಬೆಳವಣಿಗೆ ತಿಳಿಯಲು ಎರಡು ಸ್ಕ್ಯಾನ್‌ಗಳ ನಡುವೆ ಕನಿಷ್ಠ ಎರಡು ವಾರ, ಮೂರಾದರೆ ಇನ್ನೂ ಒಳ್ಳೆಯದು. ತೂಕ ನಿಜಕ್ಕೂ ಕಡಿಮೆ ಎನಿಸಿದರೆ ವೈದ್ಯರು ಡಾಪ್ಲರ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುತ್ತಾರೆ. ಅದಕ್ಕೆ ಈ ಅಂತರದ ನಿಯಮವಿಲ್ಲ, ಬೇಕೆನಿಸಿದಾಗ ಮಾಡಬಹುದು.

ಮೂರನೇ ಹೆಜ್ಜೆ: ನೀರು

ಅರ್ಧ ಅವಧಿ ಕಳೆದ ಮೇಲೆ ಗರ್ಭನೀರಿನ ಬಹುಪಾಲು ಮಗುವಿನ ಮೂತ್ರವೇ. ಮಾಸಿನಿಂದ ರಕ್ತ ಕಡಿಮೆ ಬಂದರೆ ಮೂತ್ರವೂ ಕಡಿಮೆ, ನೀರೂ ಕಡಿಮೆ. ಆದ್ದರಿಂದಲೇ ತೂಕದ ಜೊತೆಗೆ ನೀರನ್ನೂ ನೋಡುತ್ತಾರೆ.

ಅಳೆಯಲು ಎರಡು ದಾರಿ. AFIಯಲ್ಲಿ ತಾಯಿಯ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ನೀರಿನ ಅತಿ ಆಳದ ಜಾಗ ಅಳೆದು ಕೂಡಿಸುತ್ತಾರೆ. ಸಾಮಾನ್ಯವಾಗಿ 5ರಿಂದ 24 ಸೆಂ.ಮೀ. ಸಹಜ. SDPಯಲ್ಲಿ ಎಲ್ಲಕ್ಕಿಂತ ಆಳದ ಒಂದೇ ಜಾಗ, 2ರಿಂದ 8 ಸೆಂ.ಮೀ. ಸಹಜ. ಅಳೆಯುವ ಜಾಗದಲ್ಲಿ ಬಳ್ಳಿಯಾಗಲಿ ಕೈಕಾಲಾಗಲಿ ಇರಬಾರದು.

ಎರಡೂ ಒಂದೇ ಉತ್ತರ ಕೊಡಲೇಬೇಕೆಂದಿಲ್ಲ. ನಾಲ್ಕು ಭಾಗಗಳಲ್ಲಿ 2.3, 1.2, 0 ಮತ್ತು 1.1 ಬಂದರೆ AFI 4.6, ‘ನೀರು ಕಡಿಮೆ’. ಆದರೆ SDP 2.3, ಅದು ಸಹಜ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ AFI ಹೆಚ್ಚು ಜನರಿಗೆ ‘ಕಡಿಮೆ’ ಪಟ್ಟ ಕಟ್ಟಿತು, ನೋವು ಬರಿಸುವ ಹೆರಿಗೆಗಳೂ ಹೆಚ್ಚಿದವು, ಮಕ್ಕಳಿಗೆ ಮಾತ್ರ ಲಾಭ ಕಾಣಲಿಲ್ಲ. AFI ಗಡಿಯಲ್ಲಿದ್ದರೆ ‘SDP ಎಷ್ಟಿದೆ?’ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹಿಂದಿನ ಸಲ 11 ಇದ್ದದ್ದು ಈ ಸಲ 9 ಆಯಿತೆಂದು ನಿದ್ದೆಗೆಡಬೇಕಿಲ್ಲ. ಮಗು ಮಗ್ಗುಲು ಬದಲಿಸಿದರೂ, ಪ್ರೋಬ್ ಒತ್ತಿ ಹಿಡಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಅದು ಸ್ಕ್ಯಾನ್ ಮಾಡಿದ ಆ ಗಳಿಗೆಯದು. ಬಟ್ಟೆ ಒದ್ದೆಯಾಗುವಂತೆ ನೀರು ಸೋರಿದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಎಂದಿಗಿಂತ ಕಡಿಮೆ ಎನಿಸಿದರೆ ಮುಂದಿನ ಸ್ಕ್ಯಾನ್‌ಗೆ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ. ನಿನ್ನೆಯ AFI 14 ಇತ್ತಲ್ಲ ಎಂಬುದು ಕಾಯಲು ಕಾರಣವಲ್ಲ.