ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಹಾಗಾದರೆ ಕರಾರನ್ನು ಅನುವಾದಿಸುವುದು ಹೇಗೆ?

ಉದ್ದದ ಇಂಗ್ಲಿಷ್ ಕರಾರುಗಳ ಮೊದಲ ಪುಟಗಳಲ್ಲೇ ಹೆಚ್ಚಾಗಿ ಒಂದು ಸಾಲು ಸಿಗುತ್ತದೆ: ‘ದೊಡ್ಡಕ್ಷರದಿಂದ ಶುರುವಾಗುವ ಪದಗಳಿಗೆ 1ನೇ ಖಂಡದಲ್ಲಿ ಕೊಟ್ಟ ಅರ್ಥವೇ ಇರುತ್ತದೆ.’ ಇದನ್ನು ಇದ್ದ ಹಾಗೇ ಕನ್ನಡಕ್ಕೆ ತಂದರೆ ಸಾಲಿಗೆ ಅರ್ಥವೇ ಉಳಿಯುವುದಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಎರಡಿಲ್ಲ ಅಲ್ವಾ? ಇಂಗ್ಲಿಷಿನಲ್ಲಿ ಒಂದು ಅಕ್ಷರದ ಗಾತ್ರ ಮಾಡುವ ಕೆಲಸವನ್ನು ನಾವು ಬೇರೆ ದಾರಿಯಲ್ಲಿ ಮಾಡಬೇಕು.

ಸರಬರಾಜು ಕರಾರೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ದೊಡ್ಡಕ್ಷರದ ‘ಗೂಡ್ಸ್’ ಅಂದರೆ ಅನುಬಂಧದಲ್ಲಿ ಪಟ್ಟಿ ಮಾಡಿದ, ಖರೀದಿದಾರನ ಗುರುತು ಇರುವ ವಸ್ತುಗಳು ಮಾತ್ರ. ಚಿಕ್ಕಕ್ಷರದ ‘ಗೂಡ್ಸ್’ ಅಂದರೆ ಯಾವ ವಸ್ತುವಾದರೂ ಸರಿ. ಎರಡಕ್ಕೂ ‘ಸಾಮಗ್ರಿ’ ಅಂತ ಹಾಕಿದರೆ ಸಾಲು ಹೀಗಾಗುತ್ತದೆ: ‘ಸರಬರಾಜುದಾರ ಇಂಥದೇ ಸಾಮಗ್ರಿಯನ್ನು ಬೇರೆಯವರಿಗೆ ಮಾರಬಹುದು, ಆದರೆ ಸಾಮಗ್ರಿಯನ್ನು ಮಾರುವಂತಿಲ್ಲ.’ ಮಾರಬಹುದೋ, ಬಾರದೋ? ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಒಂದು ಸಾಲನ್ನೂ ಅನುವಾದಿಸುವ ಮೊದಲು ಪದಪಟ್ಟಿ ಮಾಡಿ. ವ್ಯಾಖ್ಯೆಗಳ ಖಂಡವೊಂದನ್ನೇ ನೋಡಿದರೆ ಸಾಲದು. ಕರಾರಿನ ನಡುವೆ ಕಂಸದಲ್ಲಿ ಉದ್ಧರಣ ಚಿಹ್ನೆ ಹಾಕಿ ವ್ಯಾಖ್ಯೆ ಕೊಟ್ಟ ಪದಗಳೂ ಇರುತ್ತವೆ. ವರ್ಡ್‌ನ ಹುಡುಕಾಟದಲ್ಲಿ `Use wildcards` ಆಯ್ಕೆ ಮಾಡಿ ಇದನ್ನು ಹಾಕಿದರೆ ದೊಡ್ಡಕ್ಷರದಿಂದ ಶುರುವಾಗುವ ಪದಗಳು ಒಂದೊಂದಾಗಿ ಬರುತ್ತವೆ:

```
<[A-Z][a-z]@>
```

ವಾಕ್ಯದ ಮೊದಲ ಪದ, ಶೀರ್ಷಿಕೆ, ಹೆಸರುಗಳು ಕೂಡ ಬರುತ್ತವೆ. ಅವನ್ನು ಕೈಯಲ್ಲೇ ಬಿಡಬೇಕು. ಪಟ್ಟಿಯಲ್ಲಿ ಮೂರು ಕಾಲಂ ಸಾಕು: ಇಂಗ್ಲಿಷ್ ಪದ, ದೊಡ್ಡಕ್ಷರದ ಅರ್ಥಕ್ಕೆ ಕನ್ನಡ ಪದ, ಚಿಕ್ಕಕ್ಷರದ ಅರ್ಥಕ್ಕೆ ಬೇರೆಯೇ ಕನ್ನಡ ಪದ. ಮೂರನೆಯ ಕಾಲಂ ಬಿಟ್ಟವರೇ ಜಾಸ್ತಿ, ಆದರೆ ಕರಾರನ್ನು ಕಾಯುವುದು ಅದೇ. ನಮ್ಮ ಉದಾಹರಣೆಯಲ್ಲಿ ಒಂದು ‘ಸಾಮಗ್ರಿ’, ಇನ್ನೊಂದು ‘ವಸ್ತು’. ಈಗ ಸಾಲು ಹೀಗಾಯಿತು: ‘ಸರಬರಾಜುದಾರ ಇಂಥದೇ ವಸ್ತುಗಳನ್ನು ಬೇರೆಯವರಿಗೆ ಮಾರಬಹುದು, ಆದರೆ ಸಾಮಗ್ರಿಯನ್ನು ಮಾರುವಂತಿಲ್ಲ.’

ಪದ ಆರಿಸುವಾಗ ಅರ್ಥದ ಜೊತೆ ಅದರ ಕೊನೆಯನ್ನೂ ನೋಡಿ. ನಾನು ಒಮ್ಮೆ ‘ಸರಕು’ ಅಂತ ಇಟ್ಟುಕೊಂಡು ಕೆಟ್ಟಿದ್ದೇನೆ. ಕೊನೆಯಲ್ಲಿ ‘ಸರಕು’ ಅಂತ ಹುಡುಕಿ ಎಲ್ಲಾ ಸಿಕ್ಕಿತು ಅಂದುಕೊಂಡೆ. ಸರಕನ್ನು, ಸರಕಿನ, ಸರಕಿಗೆ ಇವು ಯಾವುವೂ ಸಿಕ್ಕಿರಲಿಲ್ಲ, ಏಕೆಂದರೆ ಪ್ರತ್ಯಯ ಸೇರಿದಾಗ ಕೊನೆಯ ‘ಉ’ ಹಾರಿಹೋಗುತ್ತದೆ. ಅ, ಇ, ಎ ಇಂದ ಮುಗಿಯುವ ಪದಗಳಿಗೆ ಈ ಕಾಟ ಇಲ್ಲ: ಸಾಮಗ್ರಿಯನ್ನು, ಸಾಮಗ್ರಿಗೆ, ಸೇವೆಯ, ಸೇವೆಗೆ, ಒಪ್ಪಂದದ, ಒಪ್ಪಂದಕ್ಕೆ. ಮೂಲ ಪದ ಮುರಿಯದೆ ಉಳಿಯುತ್ತದೆ, ಹುಡುಕಿದರೆ ಎಲ್ಲಾ ರೂಪವೂ ಸಿಗುತ್ತದೆ. ‘ಕರಾರು’ ಎಷ್ಟೇ ಒಳ್ಳೆಯ ಪದವಾದರೂ ವ್ಯಾಖ್ಯೆಯ ಪದವಾಗಿ ನಾನು ‘ಒಪ್ಪಂದ’ ಅಂತಲೇ ಇಡುವುದು ಇದಕ್ಕೇ. ವ್ಯಂಜನದಿಂದ ಮುಗಿಯುವ ಎರವಲು ಪದಗಳಲ್ಲಿ ಇನ್ನೊಂದು ಗೊಂದಲ. ‘ಆರ್ಡರ್‌ಗೆ’ ಅಂತ ಒಂದು ಕಡೆ, ‘ಆರ್ಡರಿಗೆ’ ಅಂತ ಇನ್ನೊಂದು ಕಡೆ ಬರೆದುಬಿಡುತ್ತೇವೆ. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಎರಡು.

ಇನ್ನು ಗುರುತು. ಉದ್ಧರಣ ಚಿಹ್ನೆ ಹಾಕಿದರೆ ಪ್ರತ್ಯಯ ಒಳಗೋ ಹೊರಗೋ ಎಂಬ ಜಗಳ ಮುಗಿಯುವುದಿಲ್ಲ, ಪುಟವೂ ಚುಕ್ಕೆ ಬಿದ್ದ ಹಾಗೆ ಕಾಣುತ್ತದೆ. ಪ್ರತ್ಯಯ ಸಮೇತ ಇಡೀ ಪದವನ್ನು ದಪ್ಪಕ್ಷರ ಮಾಡುವುದು ನನಗೆ ಸರಿ ಅನಿಸಿದೆ. ಅದನ್ನೂ ಕೈಯಿಂದ ಮಾಡದೆ ವರ್ಡ್‌ನಲ್ಲಿ ಒಂದು ಅಕ್ಷರ ಶೈಲಿ ಮಾಡಿಟ್ಟುಕೊಳ್ಳಿ, ಆಮೇಲೆ ಬೇಡ ಅಂದರೆ ಒಂದೇ ಕಡೆ ಬದಲಿಸಬಹುದು. ಮೊದಲು ಹೇಳಿದ ಸಾಲು ಆಗ ‘ದಪ್ಪಕ್ಷರದಲ್ಲಿರುವ ಪದಗಳಿಗೆ…’ ಎಂದಾಗುತ್ತದೆ. ಇದು ಮೂಲಕ್ಕಿಂತ ಬೇರೆ, ಹಾಗಾಗಿ ಕೆಲಸ ಕೊಟ್ಟವರನ್ನು ಕೇಳಿಯೇ ಹಾಕಿ. ಬರಹವನ್ನು ಬೇರೆ ಕಡೆಗೆ ನಕಲು ಮಾಡಿದಾಗ ದಪ್ಪ ಹೊರಟುಹೋಗಬಹುದು. ಆಗ ಕಾಪಾಡುವುದು ಆ ಮೂರನೆಯ ಕಾಲಂ.

ಮೂಲದಲ್ಲೇ ದೊಡ್ಡಕ್ಷರ ಬೇಕಾದಲ್ಲಿ ಚಿಕ್ಕದು ಬಿದ್ದಿರುವುದೂ ಉಂಟು. ಅದನ್ನು ಸುಮ್ನೆ ತಿದ್ದಬೇಡಿ. ಬರೆದ ವಕೀಲರು ಬೇಕೆಂದೇ ಹಾಗೆ ಬಿಟ್ಟಿರಬಹುದು. ಇದ್ದ ಹಾಗೇ ಅನುವಾದಿಸಿ, ಪಕ್ಕದಲ್ಲಿ ಪ್ರಶ್ನೆ ಬರೆದು ಕಳಿಸಿ.

ಖಂಡಗಳ ಉಲ್ಲೇಖಕ್ಕೆ ಬಂದರೆ, ದೊಡ್ಡ ಗುಂಡಿ ಇರುವುದು ಅಕ್ಷರಗಳಲ್ಲಿ. ಇಂಗ್ಲಿಷಿನ ಉಪಖಂಡಗಳನ್ನು ಕೆಲವರು ಎ, ಬಿ, ಸಿ ಎಂದು ಬರೆಯುತ್ತಾರೆ, ಕೆಲವರು ಅ, ಆ, ಇ ಎಂದು. ನಾವಿಬ್ಬರು ಹಂಚಿಕೊಂಡು ಮಾಡಿದ ಒಂದು ಕರಾರಿನಲ್ಲಿ ಎರಡೂ ಸೇರಿಹೋಗಿದ್ದವು. ನಾನು 9.4(ಇ) ಅಂತ ಬರೆದಿದ್ದು ಇಂಗ್ಲಿಷ್ ಎಣಿಕೆಯ ಐದನೆಯದು, ಕರಾರು ರದ್ದು ಮಾಡುವ ಹಕ್ಕು. ಜೊತೆಯವರ ಭಾಗದಲ್ಲಿ ಉಪಖಂಡಗಳಿಗೆ ಅ, ಆ, ಇ ಇದ್ದುದರಿಂದ (ಇ) ಅಂದರೆ ಮೂರನೆಯದು, ಬೆಲೆ ಪರಿಷ್ಕರಣೆ. ಓದಿದವರು ರದ್ದು ಮಾಡುವ ಹಕ್ಕಿನ ಬದಲು ಬೆಲೆಯ ಸಾಲಿಗೆ ಹೋಗಿ ನಿಂತರು. ‘ಇ’ ಎರಡೂ ಪದ್ಧತಿಯಲ್ಲಿ ಇದೆ, ಆದ್ದರಿಂದ ಎರಡನ್ನು ಬೆರೆಸಿದ ತಪ್ಪು ನೋಡಿದರೆ ಕಾಣುವುದೇ ಇಲ್ಲ. ‘ಐ’ ಕೂಡ ಹಾಗೇ: ಅಕ್ಷರ ಐ ಆಗಬಹುದು, ರೋಮನ್ ಅಂಕಿ ಒಂದೂ ಆಗಬಹುದು. ಇಂಗ್ಲಿಷ್ ಪ್ರತಿಯೂ ಪಕ್ಕದಲ್ಲಿ ಇರುವ ಕರಾರಾದರೆ ಎ, ಬಿ, ಸಿ ಇಟ್ಟುಕೊಂಡು, ರೋಮನ್ ಮಟ್ಟಕ್ಕೆ 1, 2, 3 ಹಾಕುವುದು ನನ್ನ ಅಭ್ಯಾಸ. ಎರಡು ಪ್ರತಿ ಹಿಡಿದು ಜೋಡಿಸಿ ನೋಡುವುದು ಸುಲಭ.

ಅಂಕಿಗೆ ಪ್ರತ್ಯಯ ಅಂಟಿಸಬೇಡಿ. ‘ಖಂಡ 9.4ಕ್ಕೆ’ ಸರಿ, ಆದರೆ ಉಪಖಂಡ ಸೇರಿದರೆ ‘ಖಂಡ 9.4(ಬಿ)ಗೆ’ ಆಗುತ್ತದೆ. ಸಂಖ್ಯೆ ಬದಲಾದ ದಿನ ಪ್ರತ್ಯಯವೂ ಕೆಡುತ್ತದೆ. ‘9.4 ಖಂಡಕ್ಕೆ’, ‘9.4(ಬಿ) ಖಂಡಕ್ಕೆ’ ಅಂತ ಬರೆದರೆ ಭಾರ ಹೊರುವುದು ‘ಖಂಡ’ ಎಂಬ ಪದ, ಸಂಖ್ಯೆ ಹಾಯಾಗಿ ಬದಲಾಗಬಹುದು. ಕಾಯ್ದೆಯ ಸೆಕ್ಷನ್ ಬಂದರೆ ‘ಕಲಂ’ ಅನ್ನಿ, ‘ಖಂಡ’ ಅನ್ನಬೇಡಿ. ಇಲ್ಲದಿದ್ದರೆ ಓದುಗ ಕಾಯ್ದೆಯದ್ದನ್ನು ಕರಾರಿನಲ್ಲಿ ಹುಡುಕುತ್ತಾನೆ.

ವ್ಯಾಖ್ಯೆಗಳ ಕ್ರಮವೂ ಒಂದು ಮರೆತುಹೋಗುವ ವಿಷಯ. ಇಂಗ್ಲಿಷಿನಲ್ಲಿ ಅವು ವರ್ಣಮಾಲೆಯ ಕ್ರಮದಲ್ಲಿರುತ್ತವೆ. ಅವಕ್ಕೆ ಸಂಖ್ಯೆ ಇಲ್ಲದಿದ್ದರೆ ಕನ್ನಡದ ಅಕಾರಾದಿಗೆ ಜೋಡಿಸಿ. 1.1.4 ಎಂಬಂಥ ಸಂಖ್ಯೆ ಇದ್ದರೆ ಕೈ ಹಚ್ಚಬೇಡಿ, ಬೇರೆ ಯಾವುದೋ ಖಂಡ ಆ ಸಂಖ್ಯೆಯನ್ನೇ ಹೇಳುತ್ತಿರುತ್ತದೆ.

ಕೊನೆಯ ತಪಾಸಣೆಗೆ ಎರಡು ಕೆಲಸ. ವರ್ಡ್‌ನಲ್ಲಿ `Alt+F9` ಒತ್ತಿ, ಉಲ್ಲೇಖಗಳು ಇನ್ನೂ ಜೀವಂತ ಫೀಲ್ಡ್ ಆಗಿ ಉಳಿದಿವೆಯೋ, ಅಥವಾ ನೀವು ಮೇಲೆ ಟೈಪ್ ಮಾಡಿ ಬರಿ ಅಂಕಿ ಮಾಡಿಬಿಟ್ಟಿದ್ದೀರೋ ನೋಡಿ. ಮತ್ತೆ `Alt+F9` ಒತ್ತಿ ಹಿಂದಕ್ಕೆ ಬಂದು, `Ctrl+A`, ಆಮೇಲೆ `F9` ಒತ್ತಿ. `Error! Reference source not found.` ಎಂದು ಎಲ್ಲಿಯಾದರೂ ಬಂದರೆ ಅಲ್ಲಿ ಕೊಂಡಿ ಕಡಿದಿದೆ.

ಎರಡನೆಯದು ಎಣಿಕೆ. ಇಂಗ್ಲಿಷಿನ ಪ್ರತಿ ಖಂಡದಲ್ಲಿ ಎಷ್ಟು ಉಲ್ಲೇಖ ಇವೆ, ಯಾವ ಸಂಖ್ಯೆಗಳು ಅಂತ ಒಂದು ಹಾಳೆಯಲ್ಲಿ ಬರೆದು, ಕನ್ನಡದ ಅದೇ ಖಂಡದ ಜೊತೆ ಹೋಲಿಸಿ. ಅವು ಬರುವ ಕ್ರಮ ಹೋಲಿಸಬೇಡಿ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಬರುವ ‘ಒಳಪಟ್ಟು’ ಕನ್ನಡದಲ್ಲಿ ಮೊದಲಿಗೆ ಬರುತ್ತದೆ, ಹಾಗಾಗಿ ಕ್ರಮ ತಿರುಗಿರುವುದು ಸಹಜ. ‘ಈ ಖಂಡ’, ‘ಹಿಂದಿನ ಖಂಡ’ ಎಂಬಂಥವನ್ನೂ ಎಣಿಕೆಗೆ ಸೇರಿಸಿ, ಅಂಕಿ ಇಲ್ಲದ್ದರಿಂದ ತಪ್ಪಿಸಿಕೊಳ್ಳುವುದು ಅವೇ. ಮೂಲದಲ್ಲೇ ಅಳಿಸಿಹೋದ ಖಂಡವನ್ನು ತೋರಿಸುವ ಉಲ್ಲೇಖ ಸಿಕ್ಕಿದರೆ ಅದನ್ನೂ ಹಾಗೇ ಬಿಟ್ಟು, ಪ್ರಶ್ನೆಗಳ ಹಾಳೆಗೆ ಸೇರಿಸಿ.