ಡಾಲರ್ ಶೇ. 10 ಏರಿದರೆ ರಫ್ತುದಾರನ ಕೈಗೆ ಬರುವುದೆಷ್ಟು?

ಕರೆನ್ಸಿಯ ಮೌಲ್ಯ ಕುಸಿಯಿತೆಂದರೆ ರಫ್ತಿಗೆ ಲಾಭ, ಆಮದಿಗೆ ಹೊರೆ ಎನ್ನುವ ಮಾತು ಕೂಡಲೇ ಕೇಳಿಬರುತ್ತದೆ. ಮಾತು ತಪ್ಪಲ್ಲ. ಆದರೆ ಎಷ್ಟು ಲಾಭ, ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಇನ್‌ವಾಯ್ಸನ್ನೂ ವೆಚ್ಚದ ಪಟ್ಟಿಯನ್ನೂ ಎದುರಿಗಿಟ್ಟುಕೊಂಡಾಗ ಮಾತ್ರ ತಿಳಿಯುತ್ತದೆ. ನಾನು ಈ ಲೆಕ್ಕ ಹಾಕುವ ಕ್ರಮ ಹೀಗಿದೆ.

ಮೊದಲು ಶೇಕಡಾವಾರನ್ನು ಸರಿಪಡಿಸಿಕೊಳ್ಳುತ್ತೇನೆ. ಒಂದು ಡಾಲರಿನ ಬೆಲೆ 50ರಿಂದ 55ಕ್ಕೆ ಏರಿತು ಎನ್ನಿ. ಡಾಲರ್ ಶೇ. 10 ದುಬಾರಿಯಾಯಿತು, ದೇಶೀ ಕರೆನ್ಸಿ ಕುಸಿದದ್ದು ಮಾತ್ರ ಶೇ. 9.1. ಬದಲಾವಣೆ ಸಣ್ಣದಿದ್ದಾಗ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಡಾಲರ್ 50ರಿಂದ 100ಕ್ಕೆ ಹೋದರೆ ಒಂದು ಲೆಕ್ಕದಲ್ಲಿ ಶೇ. 100 ಏರಿಕೆ, ಇನ್ನೊಂದರಲ್ಲಿ ಶೇ. 50 ಕುಸಿತ. ವೆಚ್ಚದ ಲೆಕ್ಕಕ್ಕೆ ಬೇಕಾದದ್ದು ಮೊದಲನೆಯದು.

ಇನ್ನು ದರ ಏರಿದ್ದು ಏಕೆ? ಡಾಲರ್ ಕೊಳ್ಳುವವರು ಮತ್ತು ಮಾರುವವರ ನಡುವೆ, ಬ್ಯಾಂಕುಗಳ ಮೂಲಕ, ದರ ಕ್ಷಣಕ್ಷಣಕ್ಕೂ ನಿಗದಿಯಾಗುತ್ತದೆ. ಆಮದುದಾರರು ಕೊಳ್ಳುತ್ತಾರೆ, ರಫ್ತುದಾರರು ಮಾರುತ್ತಾರೆ. ದರ ವಿಪರೀತ ಏರಿಳಿದಾಗ ಕೇಂದ್ರ ಬ್ಯಾಂಕ್ ತನ್ನ ಮೀಸಲು ನಿಧಿಯೊಡನೆ ನಡುವೆ ಬರುತ್ತದೆ. ಆದರೆ ಸರಕಿನ ವ್ಯಾಪಾರವೇ ದರವನ್ನು ತೀರ್ಮಾನಿಸುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 2022ರ ಏಪ್ರಿಲ್‌ನಲ್ಲಿ ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಗಳಲ್ಲಿ ದಿನಕ್ಕೆ ಸರಾಸರಿ 7.5 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯಿತು. ಇಡೀ ವರ್ಷದ ಜಾಗತಿಕ ಸರಕು ಮತ್ತು ಸೇವೆಗಳ ರಫ್ತು ಇಂಥ ಐದು ದಿನಗಳ ವಹಿವಾಟಿಗೂ ಸಮನಾಗುವುದಿಲ್ಲ. ಹಾಗಾಗಿ ದಿನನಿತ್ಯದ ಏರಿಳಿತಕ್ಕೆ ಬಹುಪಾಲು ಕಾರಣ ಬಂಡವಾಳದ ಚಲನೆ: ಎಲ್ಲಿ ಬಡ್ಡಿ ಹೆಚ್ಚು, ಎಲ್ಲಿ ಹಣದುಬ್ಬರದ ಭಯ, ಮುಂದೆ ಏನಾಗಬಹುದೆಂಬ ನಿರೀಕ್ಷೆ. ರಫ್ತು ಚೆನ್ನಾಗಿದ್ದ ತಿಂಗಳಲ್ಲೇ ಕರೆನ್ಸಿ ಕುಸಿಯುವುದು ಇದೇ ಕಾರಣಕ್ಕೆ.

ಈಗ ಒಂದು ಘಟಕ ಸರಕನ್ನು 100 ಡಾಲರಿಗೆ ಮಾರುವ ರಫ್ತುದಾರನನ್ನು ತೆಗೆದುಕೊಳ್ಳೋಣ. ಡಾಲರಿಗೆ 50 ಇದ್ದಾಗ ಅವನ ಆದಾಯ 5,000. ಆಮದು ಮಾಡಿಕೊಂಡ ಕಚ್ಚಾವಸ್ತು 40 ಡಾಲರ್, ಅಂದರೆ 2,000. ಕೂಲಿ, ವಿದ್ಯುತ್, ಬಾಡಿಗೆಯಂಥ ಸ್ಥಳೀಯ ವೆಚ್ಚ 2,500. ಉಳಿಯುವ ಲಾಭ 500. ದರ 55ಕ್ಕೆ ಏರಿದ ಮೇಲೆ ಆದಾಯ 5,500, ಕಚ್ಚಾವಸ್ತು 2,200, ಸ್ಥಳೀಯ ವೆಚ್ಚ ಅಷ್ಟೇ. ಲಾಭ 800, ಒಮ್ಮೆಗೇ ಶೇ. 60 ಹೆಚ್ಚಳ. ಕಾಗದದ ಮೇಲೆ ತುಂಬ ಚೆನ್ನಾಗಿ ಕಾಣುತ್ತದೆ. ಇಲ್ಲಿಗೇ ಲೆಕ್ಕ ನಿಲ್ಲಿಸಬಾರದು.

ಖರೀದಿದಾರನಿಗೂ ವಿನಿಮಯ ದರ ಗೊತ್ತು. ಮುಂದಿನ ಆರ್ಡರಿನಲ್ಲಿ ಅವನು ರಿಯಾಯಿತಿ ಕೇಳಿಯೇ ಕೇಳುತ್ತಾನೆ. ‘ಕರೆನ್ಸಿ ಕುಸಿದದ್ದು ಶೇ. 9, ಬೆಲೆಯಲ್ಲೂ ಅಷ್ಟು ಇಳಿಸಬಹುದು’ ಎಂದು ಒಪ್ಪಿಕೊಂಡವರು ಕೆಡುತ್ತಾರೆ. ಹಳೆಯ 500ರ ಲಾಭ ಉಳಿಯಬೇಕಾದರೆ ಆದಾಯ 5,200 ಬೇಕು. ಅದನ್ನು 55ರಿಂದ ಭಾಗಿಸಿದರೆ 94.55 ಡಾಲರ್. ಅಂದರೆ ಇಳಿಸಲು ಇರುವ ಜಾಗ ಶೇ. 5.45 ಮಾತ್ರ. ಬೆಲೆಯನ್ನು 91 ಡಾಲರಿಗೆ ಇಳಿಸಿದರೆ ಲಾಭ 305ಕ್ಕೆ ಬೀಳುತ್ತದೆ. ಕಚ್ಚಾವಸ್ತುವಿನಲ್ಲಿ ಆಮದಿನ ಪಾಲು ಹೆಚ್ಚಿದಷ್ಟೂ ಈ ಜಾಗ ಕಿರಿದಾಗುತ್ತದೆ.

ಎರಡನೆಯ ಅಪಾಯ, ಮುಂದೆ ಕೈಗೆ ಬರುವ ಡಾಲರಿಗೆ ಇಂದೇ ದರ ಗೊತ್ತುಮಾಡಿಕೊಳ್ಳುವ ಮುಂಗಡ ಒಪ್ಪಂದದ್ದು, ಬ್ಯಾಂಕಿನವರ ಮಾತಿನಲ್ಲಿ ಫಾರ್ವರ್ಡ್. ದೇಶದೊಳಗೆ ಬಡ್ಡಿ ವರ್ಷಕ್ಕೆ ಶೇ. 8, ಡಾಲರಿಗೆ ಶೇ. 4 ಇದ್ದರೆ, ಮೂರು ತಿಂಗಳ ಫಾರ್ವರ್ಡ್ ದರ 50 × 1.02 ÷ 1.01, ಸುಮಾರು 50.50. ಇದು ಬಡ್ಡಿಯ ಅಂತರದಿಂದ ಬಂದ ಸಂಖ್ಯೆ; ಮೂರು ತಿಂಗಳ ಬಳಿಕ ದರ ಎಷ್ಟಿರುತ್ತದೆಂಬ ಭವಿಷ್ಯವಲ್ಲ. ರಫ್ತಿನ ಪೂರ್ತಿ ಹಣವನ್ನು ಈ ದರಕ್ಕೆ ಮೊದಲೇ ಮಾರಿ, ಕಚ್ಚಾವಸ್ತುವಿನ ಡಾಲರನ್ನು ಮಾತ್ರ ಆಯಾ ದಿನದ ದರಕ್ಕೆ ಕೊಂಡರೆ ಏನಾಗುತ್ತದೆ ನೋಡಿ: ಆದಾಯ 5,050, ಕಚ್ಚಾವಸ್ತು 2,200, ಸ್ಥಳೀಯ ವೆಚ್ಚ 2,500. ಲಾಭ 350. ಕರೆನ್ಸಿ ಕುಸಿದದ್ದರಿಂದ ರಫ್ತುದಾರನಿಗೇ ನಷ್ಟ. ಆದ್ದರಿಂದ 100 ಡಾಲರನ್ನಲ್ಲ, ಒಳಬರುವ 100ರಲ್ಲಿ ಹೊರಹೋಗುವ 40 ಕಳೆದು ಉಳಿಯುವ 60ನ್ನು ಮಾತ್ರ ಫಾರ್ವರ್ಡ್ ಮಾಡಬೇಕು. ಎರಡೂ ಪಾವತಿಗಳ ದಿನಾಂಕ ಹೊಂದಿಕೆಯಾಗದಿದ್ದರೆ ಈ ಕಳೆಯುವಿಕೆಯೂ ನಡೆಯುವುದಿಲ್ಲ.

ಮೂರನೆಯದು ನಿಧಾನವಾಗಿ ಬರುತ್ತದೆ. ಆಮದು ದುಬಾರಿಯಾಗಿ ಬೆಲೆಗಳು ಏರಿದಂತೆ ಕೂಲಿ, ಸಾಗಣೆ, ಬಾಡಿಗೆಯೂ ಏರುತ್ತವೆ. ಸ್ಥಳೀಯ ವೆಚ್ಚ ಶೇ. 10 ಏರಿ 2,750 ಆದಾಗ ಲಾಭ 550, ಡಾಲರಿನಲ್ಲಿ ಹತ್ತು. ಕುಸಿತಕ್ಕೆ ಮೊದಲೂ ಅದು ಹತ್ತೇ ಡಾಲರ್. ಅರ್ಥಶಾಸ್ತ್ರದಲ್ಲಿ ನೈಜ ವಿನಿಮಯ ದರ ಎನ್ನುವುದು ಇದನ್ನೇ: ದರ ಏರಿದಷ್ಟೇ ದೇಶದೊಳಗಿನ ಬೆಲೆಗಳೂ ಏರಿ, ಹೊರಗಿನ ಬೆಲೆಗಳು ಇದ್ದಲ್ಲೇ ಇದ್ದರೆ, ಪೈಪೋಟಿಯಲ್ಲಿ ಏನೂ ಬದಲಾಗಿಲ್ಲ. ನನ್ನ ದೃಷ್ಟಿಯಲ್ಲಿ ಕುಸಿತದ ಲಾಭವನ್ನು ಅಳೆಯುವ ನಿಜವಾದ ಪ್ರಶ್ನೆ, ಸ್ಥಳೀಯ ವೆಚ್ಚ ಎಷ್ಟು ತಿಂಗಳು ಹಿಂದೆ ಉಳಿಯುತ್ತದೆ ಎಂಬುದೇ.

ಆಮದಿನ ಕಡೆ, ಶೇ. 10ರ ಏರಿಕೆ ಅಂಗಡಿಯ ಬೆಲೆಗೆ ಪೂರ್ತಿಯಾಗಿ ಇಳಿಯುವುದಿಲ್ಲ. 100 ಡಾಲರಿನ ಸರಕಿಗೆ ಶೇ. 10 ಸುಂಕ ಸೇರಿ 5,500. ಸಾಗಣೆ, ಗೋದಾಮು, ವ್ಯಾಪಾರಿಯ ಪಾಲು ಸೇರಿ 4,500. ಒಟ್ಟು 10,000 ಎನ್ನಿ. ದರ 55 ಆದಾಗ ಸುಂಕವೂ ಮೌಲ್ಯದ ಜೊತೆಗೇ ಏರಿ ಮೊದಲ ಭಾಗ 6,050 ಆಗುತ್ತದೆ. ಮಾರಾಟದ ಬೆಲೆ 10,550, ಏರಿಕೆ ಶೇ. 5.5. ಹಳೆಯ ದರದ ದಾಸ್ತಾನು ಮುಗಿಯುವವರೆಗೆ ಇದೂ ಕಾಣುವುದಿಲ್ಲ. ಆದರೆ ಆಮದಾಗುವುದು ಇಂಧನವಾದರೆ ಚಿತ್ರ ಬೇರೆ; ಸಾಗಣೆಯ ಮೂಲಕ ಅದು ಆಮದಾಗದ ಸರಕಿನ ಬೆಲೆಯನ್ನೂ ಎತ್ತುತ್ತದೆ.

ಇಡೀ ದೇಶದ ವ್ಯಾಪಾರ ಕೊರತೆಯಲ್ಲೂ ಹೀಗೇ ತಡವಾಗುತ್ತದೆ. ಬ್ರಿಟನ್ 1967ರ ನವೆಂಬರ್ 18ರಂದು ಪೌಂಡನ್ನು 2.80 ಡಾಲರಿನಿಂದ 2.40ಕ್ಕೆ, ಶೇ. 14.3ರಷ್ಟು, ಅಪಮೌಲ್ಯ ಮಾಡಿತು. 1968ರಲ್ಲೂ ಅದರ ಚಾಲ್ತಿ ಖಾತೆ, ಅಂದರೆ ಸರಕು, ಸೇವೆ ಮೊದಲಾದವುಗಳಿಂದ ಹೊರದೇಶಗಳೊಡನೆ ನಡೆವ ಆದಾಯ-ವೆಚ್ಚದ ಲೆಕ್ಕ, ಕೊರತೆಯಲ್ಲೇ ಇತ್ತು. ಮಿಗತೆ ಬಂದದ್ದು 1969ರಲ್ಲಿ. ಮೊದಲೇ ಸಹಿಯಾದ ಒಪ್ಪಂದಗಳ ಪ್ರಮಾಣ ತಕ್ಷಣ ಬದಲಾಗುವುದಿಲ್ಲ, ಆಮದಿನ ಬಿಲ್ಲು ಮಾತ್ರ ಅಂದೇ ಏರುತ್ತದೆ. ರಫ್ತಿಗೆ ಪೌಂಡಿನಲ್ಲಿ ಇನ್‌ವಾಯ್ಸ್ ಮಾಡಿದವರಿಗೆ ಬರುವುದು ಹಳೆಯ ಮೊತ್ತವೇ. ಅಲ್ಲಿ ಅಪಮೌಲ್ಯ ಒಂದೇ ಕೆಲಸ ಮಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಜೊತೆಯಲ್ಲೇ ಬ್ಯಾಂಕ್ ದರವನ್ನು ಶೇ. 8ಕ್ಕೆ ಏರಿಸಿದರು, 1968ರ ಬಜೆಟ್ಟಿನಲ್ಲಿ ತೆರಿಗೆ ಹೆಚ್ಚಿಸಿದರು. ದೇಶದೊಳಗಿನ ಬಳಕೆ ತಗ್ಗದೆ ರಫ್ತಿಗೆ ಸರಕು ಮಿಗುವುದಿಲ್ಲ.

ಇಂದು ಅನೇಕ ದೇಶಗಳಲ್ಲಿ ರಫ್ತು, ಆಮದು ಎರಡಕ್ಕೂ ಇನ್‌ವಾಯ್ಸ್ ಆಗುವುದು ಡಾಲರಿನಲ್ಲೇ. ರಫ್ತುದಾರ ತಾನಾಗಿ ಬೆಲೆ ಇಳಿಸದ ಹೊರತು ವಿದೇಶಿ ಖರೀದಿದಾರನಿಗೆ ಏನೂ ಅಗ್ಗವಾಗುವುದಿಲ್ಲ. ದೇಶದೊಳಗಿನ ಆಮದು ಬೆಲೆ ಮಾತ್ರ ಬೇಗ ಏರುತ್ತದೆ. ಇಂಥ ದೇಶಗಳಲ್ಲಿ ಆರಂಭದಲ್ಲಿ ಕೊರತೆ ಇಳಿಯುವುದು ರಫ್ತು ಹೆಚ್ಚಿದ್ದರಿಂದ ಅಲ್ಲ, ಜನರೂ ಕಾರ್ಖಾನೆಗಳೂ ಆಮದು ಕಡಿಮೆ ಮಾಡಿದ್ದರಿಂದ. ಅದಕ್ಕೇ ನಾನು ಕೊರತೆಯ ಮೊತ್ತವೊಂದನ್ನೇ ನೋಡದೆ, ರಫ್ತಾದ ಟನ್ನುಗಳನ್ನೂ ಆಮದಾದ ಟನ್ನುಗಳನ್ನೂ ಬೇರೆಬೇರೆಯಾಗಿ ನೋಡುತ್ತೇನೆ.